ಆಡಿಟರ್ ವರದಿ: ಕಿರುಪ್ರಶ್ನೆಗಳು ಮತ್ತು ಉತ್ತರಗಳು

ಬದಿಯಡ್ಕದ ಸಂಜೆ ತರಗತಿಯ ಬಿ.ಕಾಂ. ಮತ್ತು ಸಿಎ ಇಂಟರ್ ವಿದ್ಯಾರ್ಥಿಗಳಿಗೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವವರೂ ಮೊದಲು ಇದನ್ನು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಿ. ವರದಿಯ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ವಿಷಯ ಗೊತ್ತಿರುತ್ತದೆ, ಆದರೆ ಅದನ್ನು ವರದಿಯ ಯಾವ ಜಾಗದಲ್ಲಿ ಬರೆಯಬೇಕು ಅಂತ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿ ಉತ್ತರದಲ್ಲೂ ಜಾಗದ ಕಡೆ ಗಮನ ಇಡಿ.

ಉದಾಹರಣೆಗೆ ನಮ್ಮ ಊರಿನ ಕಡೆಯ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ರೈತರಿಂದ ಚಾಲಿ ಅಡಿಕೆ ಕೊಂಡು, ವಿಂಗಡಿಸಿ, ಉತ್ತರ ಭಾರತಕ್ಕೆ ಕಳಿಸುವ ಕಂಪನಿ. 2024-25ರ ಖರೀದಿ 12 ಕೋಟಿ ರೂಪಾಯಿ, ಬಿಲ್‌ಗಳು 2,400.

1. ಆಡಿಟ್ ಸ್ಯಾಂಪ್ಲಿಂಗ್ ಎಂದರೇನು?

ಒಂದು ಗುಂಪಿನ ಎಲ್ಲ ಐಟಂಗಳನ್ನೂ ನೋಡದೆ ಕೆಲವನ್ನು ಮಾತ್ರ ಪರೀಕ್ಷಿಸಿ, ಅದರಿಂದ ಇಡೀ ಗುಂಪಿನ ಬಗ್ಗೆ ತೀರ್ಮಾನಕ್ಕೆ ಬರುವುದು. ಗುಂಪಿನ ಪ್ರತಿಯೊಂದು ಐಟಂಗೂ ಆಯ್ಕೆಯಾಗುವ ಅವಕಾಶ ಇರಲೇಬೇಕು. ನಿಯಮ ಇರುವುದು ಎಸ್‌ಎ 530 ಎಂಬ ಆಡಿಟಿಂಗ್ ಮಾನದಂಡದಲ್ಲಿ.

2. ನಮ್ಮ ಕಂಪನಿಯಲ್ಲಿ 5 ಲಕ್ಷಕ್ಕಿಂತ ದೊಡ್ಡ 40 ಬಿಲ್‌ಗಳನ್ನು ಆಡಿಟರ್ ಪೂರ್ತಿ ನೋಡಿದರು. ಇದು ಸ್ಯಾಂಪ್ಲಿಂಗಾ?

ಅಲ್ಲ. ಅದು ಆಯ್ದ ಐಟಂಗಳ ಪರೀಕ್ಷೆ. ಆ 40 ಬಿಲ್‌ಗಳಲ್ಲಿ ಸಿಕ್ಕಿದ್ದನ್ನು ಉಳಿದ 2,360 ಬಿಲ್‌ಗಳ ಮೇಲೆ ಹೊರಿಸುವ ಹಾಗಿಲ್ಲ. ಸಣ್ಣ ಬಿಲ್‌ಗಳಿಗೆ ಆಯ್ಕೆಯಾಗುವ ಅವಕಾಶವೇ ಇರಲಿಲ್ಲ, ಅಲ್ವಾ?

3. ಮೇ ತಿಂಗಳ ಬಿಲ್‌ಗಳನ್ನೆಲ್ಲ ಒಟ್ಟಿಗೆ ತೆಗೆದು ನೋಡಿದರೆ ಸಾಕಾಗುವುದಿಲ್ಲವೇ?

ಇದಕ್ಕೆ ಬ್ಲಾಕ್ ಸೆಲೆಕ್ಷನ್ ಅನ್ನುತ್ತಾರೆ. ಇಡೀ ಗುಂಪಿನ ಬಗ್ಗೆ ತೀರ್ಮಾನ ಮಾಡಬೇಕಾದಾಗ ಇದು ಸರಿಹೊಂದುವುದು ತೀರಾ ಅಪರೂಪ. ಅಡಿಕೆ ವ್ಯಾಪಾರದಲ್ಲಂತೂ ಬೇಡವೇ ಬೇಡ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಕರಿಗೋಟು ಎಲ್ಲದಕ್ಕೂ ಬೇರೆ ಬೇರೆ ದರ. ತಿಂಗಳು ಬದಲಾದರೆ ಬರುವ ಮಾಲೂ ಬದಲು, ದರವೂ ಬದಲು. ಯಾದೃಚ್ಛಿಕ ಆಯ್ಕೆ, ಅಥವಾ ಇಂತಿಷ್ಟು ಅಂತರಕ್ಕೊಂದು ಬಿಲ್ ತೆಗೆಯುವ ಕ್ರಮ ಇಲ್ಲಿ ಒಳ್ಳೆಯದು. ದೊಡ್ಡ ಮೊತ್ತಕ್ಕೆ ಹೆಚ್ಚು ಅವಕಾಶ ಸಿಗಬೇಕೆಂದರೆ ರೂಪಾಯಿಯನ್ನೇ ಘಟಕವಾಗಿ ಇಟ್ಟುಕೊಳ್ಳುವ ಮಾನಿಟರಿ ಯೂನಿಟ್ ಸ್ಯಾಂಪ್ಲಿಂಗ್ ಇದೆ.

4. ಆಯ್ಕೆಯಾದ ಬಿಲ್ ಸಿಗಲಿಲ್ಲ. "ಮಳೆಗೆ ಫೈಲ್ ಒದ್ದೆಯಾಗಿ ಹೋಯಿತು" ಎಂದರು. ಬದಲಿಗೆ ಪಕ್ಕದ ಬಿಲ್ ತೆಗೆದುಕೊಳ್ಳಬಹುದೇ?

ಇಲ್ಲ. ಮೊದಲು ಬೇರೆ ದಾರಿ ನೋಡಬೇಕು. ತೂಕದ ಚೀಟಿ ಇದೆಯೇ, ರೈತನ ಖಾತೆಗೆ ಹಣ ಹೋಗಿದೆಯೇ, ಗೋದಾಮಿನ ರಿಜಿಸ್ಟರಿನಲ್ಲಿ ಆ ದಿನ ಚೀಲಗಳು ಒಳಗೆ ಬಂದಿವೆಯೇ? ಯಾವುದೂ ಸಿಗದಿದ್ದರೆ ಆ ಐಟಂ ಅನ್ನು ತಪ್ಪು ಎಂದೇ ಎಣಿಸಬೇಕು. ಬದಲಿ ತೆಗೆದುಕೊಳ್ಳಲು ಅವಕಾಶ ಇರುವುದು ಆ ಐಟಂಗೆ ಪರೀಕ್ಷೆಯೇ ಅನ್ವಯಿಸದಿದ್ದಾಗ ಮಾತ್ರ. ಸರಿಯಾದ ಕ್ರಮದಲ್ಲಿ ರದ್ದಾದ ಚೆಕ್ ಆಯ್ಕೆಯಾಯಿತು ಅಂತಿಟ್ಟುಕೊಳ್ಳಿ, ಆಗ ಇನ್ನೊಂದನ್ನು ತೆಗೆಯಬಹುದು.

5. ಉಳಿದ 2,360 ಬಿಲ್‌ಗಳ ಮೊತ್ತ 8 ಕೋಟಿ. ಅದರಲ್ಲಿ 80 ಬಿಲ್‌ಗಳ ಸ್ಯಾಂಪಲ್, ಮೊತ್ತ 32 ಲಕ್ಷ. 24,000 ರೂಪಾಯಿ ಹೆಚ್ಚು ಬರೆದದ್ದು ಸಿಕ್ಕಿತು. ಕಂಪನಿ ಆ 24,000ವನ್ನು ಸರಿಪಡಿಸಿತು. ವಿಷಯ ಮುಗಿಯಿತೇ?

ಮುಗಿಯಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕಿ.

ಸ್ಯಾಂಪಲಿನಲ್ಲಿ ತಪ್ಪಿನ ಪ್ರಮಾಣ 24,000 ÷ 32,00,000, ಅಂದರೆ ಶೇ. 0.75. ಇದನ್ನು 8 ಕೋಟಿಗೆ ಹಾಕಿದರೆ 6 ಲಕ್ಷ. ಕಂಪನಿ ಸರಿಪಡಿಸಿದ್ದು ಕಣ್ಣಿಗೆ ಬಿದ್ದ 24,000 ಮಾತ್ರ. ನೋಡದೇ ಇರುವ ಬಿಲ್‌ಗಳಲ್ಲಿ ಇನ್ನೂ ಸುಮಾರು 5.76 ಲಕ್ಷದ ತಪ್ಪು ಇರಬಹುದು ಎಂಬ ಅಂದಾಜು ಹಾಗೇ ಉಳಿದಿದೆ.

ಈ ಗುಂಪಿಗೆ ಆಡಿಟರ್ ಸಹಿಸಬಹುದಾದ ತಪ್ಪಿನ ಮಿತಿ 7 ಲಕ್ಷ ಎಂದು ಇಟ್ಟಿದ್ದರೆ? "6 ಲಕ್ಷ 7 ಲಕ್ಷಕ್ಕಿಂತ ಕಡಿಮೆ, ಆದ್ದರಿಂದ ಸರಿ" ಎಂದು ಬರೆದವರಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಅಂದಾಜು ಮಿತಿಯ ಹತ್ತಿರ ಬಂದಷ್ಟೂ ನಿಜವಾದ ತಪ್ಪು ಮಿತಿಯನ್ನು ದಾಟಿರುವ ಸಾಧ್ಯತೆ ಜಾಸ್ತಿ. ಇದೇ ಸ್ಯಾಂಪ್ಲಿಂಗ್ ರಿಸ್ಕ್. ಆಡಿಟರ್ ತಪ್ಪಿಗೆ ಕಾರಣ ಏನು ಎಂದು ಕೇಳಬೇಕು. ಒಬ್ಬನೇ ಗುಮಾಸ್ತ ಪಟೋರಕ್ಕೆ ಡಬಲ್ ಚೋಲ್ ದರ ಹಾಕಿದ್ದಾನೆಯೇ? ಹಾಗಿದ್ದರೆ ಅವನು ಬರೆದ ಉಳಿದ ಬಿಲ್‌ಗಳನ್ನು ಮ್ಯಾನೇಜ್‌ಮೆಂಟ್ ಪೂರಾ ಪರಿಶೀಲಿಸಿ ತಿದ್ದಲಿ. ಆಡಿಟರ್ ಪರೀಕ್ಷೆಯನ್ನು ವಿಸ್ತರಿಸಲಿ.

6. ಆಡಿಟರ್ ವರದಿಯಲ್ಲಿ "80 ಬಿಲ್ ಮಾತ್ರ ನೋಡಿದ್ದೇವೆ" ಎಂದು ಬರೆದು ಜವಾಬ್ದಾರಿ ಕಡಿಮೆ ಮಾಡಿಕೊಳ್ಳಬಹುದೇ?

ಇಲ್ಲ. ಎಷ್ಟು ನೋಡಬೇಕು ಎಂಬುದು ಆಡಿಟರ್ ತೀರ್ಮಾನ, ಅದರ ಹೊಣೆಯೂ ಅವರದ್ದೇ. ವರದಿ ಕೊಡುವುದು ರೀಸನಬಲ್ ಅಶೂರೆನ್ಸ್. ಅದು ಎತ್ತರದ ಮಟ್ಟದ ಭರವಸೆ, ಆದರೆ ಗ್ಯಾರಂಟಿ ಅಲ್ಲ.

7. ಗೋಯಿಂಗ್ ಕನ್ಸರ್ನ್ ಎಂದರೆ?

ಕಂಪನಿ ಮುಂದೆಯೂ ನಡೆಯುತ್ತದೆ, ಮುಚ್ಚುವ ಉದ್ದೇಶವಾಗಲೀ ಅನಿವಾರ್ಯತೆಯಾಗಲೀ ಇಲ್ಲ ಎಂಬ ಆಧಾರದ ಮೇಲೆ ಲೆಕ್ಕ ಬರೆಯುವುದು. ಅಂದಾಜು ಮಾಡುವುದು ಮ್ಯಾನೇಜ್‌ಮೆಂಟ್ ಕೆಲಸ. ಅದು ಒಪ್ಪುವಂಥದ್ದೇ ಎಂದು ನೋಡುವುದು ಆಡಿಟರ್ ಕೆಲಸ. ಎಸ್‌ಎ 570 ಪ್ರಕಾರ ಆ ಅಂದಾಜು ಲೆಕ್ಕಪತ್ರದ ದಿನಾಂಕದಿಂದ ಕನಿಷ್ಠ 12 ತಿಂಗಳನ್ನು ಒಳಗೊಳ್ಳದಿದ್ದರೆ, ವಿಸ್ತರಿಸಲು ಆಡಿಟರ್ ಕೇಳಲೇಬೇಕು.

8. ನಮ್ಮ ಅಡಿಕೆ ಕಂಪನಿಯಲ್ಲಿ ಅನುಮಾನಕ್ಕೆ ಕಾರಣವಾಗುವ ಸಂಗತಿಗಳು ಯಾವುವು?

ಚಾಲ್ತಿ ಸಾಲಗಳು ಚಾಲ್ತಿ ಆಸ್ತಿಗಿಂತ 3.2 ಕೋಟಿ ಹೆಚ್ಚು. ಬ್ಯಾಂಕಿನ ಎರಡು ಕಂತು ಬಾಕಿ. ಕ್ಯಾಶ್ ಕ್ರೆಡಿಟ್ ನವೀಕರಣದ ಪತ್ರ ಇನ್ನೂ ಬಂದಿಲ್ಲ. ಒಬ್ಬ ದೊಡ್ಡ ಖರೀದಿದಾರ ಮಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾನೆ. ಇವುಗಳಲ್ಲಿ ಒಂದೊಂದೇ ಇದ್ದಾಗ ಕಂಪನಿ ತಡೆದುಕೊಳ್ಳಬಹುದು. ಒಟ್ಟಿಗೆ ಸೇರಿದಾಗ ಚಿತ್ರ ಬೇರೆ.

9. ನಿರ್ದೇಶಕರು "ನಾನು 2 ಕೋಟಿ ಹಾಕುತ್ತೇನೆ" ಎಂದು ಪತ್ರ ಕೊಟ್ಟರು. ಸಾಕೇ?

ಪತ್ರ ಬೇಕು, ಆದರೆ ಅದೊಂದೇ ಸಾಲದು. ಅವರ ಹತ್ತಿರ 2 ಕೋಟಿ ಇದೆಯೇ? ಠೇವಣಿಯಲ್ಲಿದೆಯೇ, ಅಥವಾ ಮಾರಾಟವಾಗದ ತೋಟದಲ್ಲಿದೆಯೇ? ಆ ತೋಟ ಈಗಾಗಲೇ ಇದೇ ಬ್ಯಾಂಕಿಗೆ ಅಡಮಾನ ಆಗಿದೆಯೇ? ಮನಸ್ಸಿದೆ ಅನ್ನುವುದಕ್ಕೆ ಪತ್ರ ಸಾಕ್ಷಿ. ಶಕ್ತಿ ಇದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಹುಡುಕಬೇಕು. ನಗದು ಹರಿವಿನ ಮುನ್ನಂದಾಜನ್ನೂ ಹೀಗೇ ನೋಡಿ. ಕೊಳೆರೋಗ ಬಂದು ಫಸಲು ಕಡಿಮೆಯಾದರೆ ಅದೇ ಅಂದಾಜು ನಿಲ್ಲುತ್ತದೆಯೇ ಎಂದು ಕೇಳಿ.

10. ವರದಿಯಲ್ಲಿ ಏನಾಗುತ್ತದೆ?

ಇದು ಇಡೀ ಹಾಳೆಯಲ್ಲಿ ಅತಿ ಮುಖ್ಯ ಪ್ರಶ್ನೆ. ನಾಲ್ಕು ಸ್ಥಿತಿಗಳನ್ನು ಬಿಡಿಸಿ ನೋಡಿ.

ಗೋಯಿಂಗ್ ಕನ್ಸರ್ನ್ ಆಧಾರ ಸರಿ ಇದೆ, ಗಂಭೀರ ಅನಿಶ್ಚಿತತೆಯೂ ಇದೆ, ಕಂಪನಿ ಅದನ್ನು ಟಿಪ್ಪಣಿಯಲ್ಲಿ ಚೆನ್ನಾಗಿ ಬಿಡಿಸಿ ಹೇಳಿದೆ: ಅಭಿಪ್ರಾಯ ಬದಲಾಗುವುದಿಲ್ಲ. ಆದರೆ "ಗೋಯಿಂಗ್ ಕನ್ಸರ್ನ್‌ಗೆ ಸಂಬಂಧಿಸಿದ ಗಂಭೀರ ಅನಿಶ್ಚಿತತೆ" ಎಂಬ ಪ್ರತ್ಯೇಕ ತಲೆಬರಹದಡಿ ಬರೆಯಲೇಬೇಕು. ಇದನ್ನು ಎಂಫಸಿಸ್ ಆಫ್ ಮ್ಯಾಟರ್ ಅಡಿ ಹಾಕಬೇಡಿ. ಅದು ಹಳೆಯ ಕ್ರಮ.

ಅನಿಶ್ಚಿತತೆ ಇದೆ, ಟಿಪ್ಪಣಿ ಸಾಕಷ್ಟಿಲ್ಲ: ಈ ವಿಷಯ ಬಿಟ್ಟು ಉಳಿದದ್ದು ಸರಿ ಎನ್ನುವ ಕ್ವಾಲಿಫೈಡ್, ಅಥವಾ ಲೆಕ್ಕಪತ್ರವೇ ಸರಿಯಿಲ್ಲ ಎನ್ನುವ ಅಡ್ವರ್ಸ್.

ಕಂಪನಿ ಮುಚ್ಚುವುದು ಖಚಿತ, ಆದರೂ ಗೋಯಿಂಗ್ ಕನ್ಸರ್ನ್ ಎಂದು ಲೆಕ್ಕ ಬರೆದಿದ್ದಾರೆ: ಅಡ್ವರ್ಸ್. ಟಿಪ್ಪಣಿಯಲ್ಲಿ ಎಷ್ಟೇ ಪ್ರಾಮಾಣಿಕವಾಗಿ ಹೇಳಿದರೂ ಅಡ್ವರ್ಸೇ.

ಮ್ಯಾನೇಜ್‌ಮೆಂಟ್ ಅಂದಾಜು ಮಾಡಲು ಅಥವಾ ವಿಸ್ತರಿಸಲು ಒಪ್ಪುತ್ತಿಲ್ಲ: ಸಾಕ್ಷ್ಯ ಸಿಗದಿದ್ದರೆ ಕ್ವಾಲಿಫೈಡ್, ಅಥವಾ ಅಭಿಪ್ರಾಯ ಕೊಡಲಾಗದು ಎನ್ನುವ ಡಿಸ್‌ಕ್ಲೈಮರ್.

ನಮ್ಮ ಕಂಪನಿ ಮೊದಲನೇ ಸ್ಥಿತಿಯಲ್ಲಿದ್ದರೆ ಪ್ಯಾರಾ ಹೀಗಿರುತ್ತದೆ:

"ಹಣಕಾಸು ಪಟ್ಟಿಗಳ ಟಿಪ್ಪಣಿ 31ರ ಕಡೆಗೆ ಗಮನ ಸೆಳೆಯುತ್ತೇವೆ. 2025ರ ಮಾರ್ಚ್ 31ರಂದು ಕಂಪನಿಯ ಚಾಲ್ತಿ ಸಾಲಗಳು ಚಾಲ್ತಿ ಆಸ್ತಿಗಳಿಗಿಂತ 3.2 ಕೋಟಿ ರೂಪಾಯಿ ಹೆಚ್ಚಿದ್ದವು ಮತ್ತು ಬ್ಯಾಂಕ್ ಸಾಲದ ಎರಡು ಕಂತುಗಳು ಬಾಕಿ ಇದ್ದವು ಎಂದು ಅದು ತಿಳಿಸುತ್ತದೆ. ಟಿಪ್ಪಣಿ 31ರಲ್ಲಿ ಹೇಳಿದ ಈ ಸಂಗತಿಗಳು ಮತ್ತು ಅಲ್ಲಿನ ಇತರ ವಿಷಯಗಳು, ಕಂಪನಿಯು ಗೋಯಿಂಗ್ ಕನ್ಸರ್ನ್ ಆಗಿ ಮುಂದುವರಿಯುವ ಸಾಮರ್ಥ್ಯದ ಬಗ್ಗೆ ಗಣನೀಯ ಅನುಮಾನ ಹುಟ್ಟಿಸಬಹುದಾದ ಗಂಭೀರ ಅನಿಶ್ಚಿತತೆ ಇದೆ ಎಂದು ಸೂಚಿಸುತ್ತವೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಗಿಲ್ಲ."

ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಓದುವ ಬ್ಯಾಂಕ್ ಮ್ಯಾನೇಜರಿಗೆ ಇದು ಕ್ವಾಲಿಫಿಕೇಶನ್ನೋ ಅಲ್ಲವೋ ಎಂದು ಗೊಂದಲ ಆಗುತ್ತದೆ.

11. ಕಂಪನಿ ಕಾಯ್ದೆಯ ಕಡೆಯಿಂದ ಇನ್ನೇನಾದರೂ ಬರೆಯಬೇಕೇ?

ಬರೆಯಬೇಕು. ಆಡಿಟರ್ ವರದಿಯ ಬಗ್ಗೆ ಕಂಪನಿ ಕಾಯ್ದೆಯಡಿ ಬಂದ ಆದೇಶವಾದ ಕ್ಯಾರೋ 2020ರ 3(xix) ಕಲಂನಲ್ಲಿ, ಬ್ಯಾಲೆನ್ಸ್ ಶೀಟ್ ದಿನದ ಸಾಲಗಳನ್ನು ಅಲ್ಲಿಂದ ಒಂದು ವರ್ಷದೊಳಗೆ ಬಾಕಿ ಬಂದಂತೆ ತೀರಿಸುವ ಶಕ್ತಿಯ ಬಗ್ಗೆ, ವರದಿಯ ದಿನಾಂಕದಂದು ಗಂಭೀರ ಅನಿಶ್ಚಿತತೆ ಇದೆಯೇ ಎಂದು ಆಡಿಟರ್ ಹೇಳಬೇಕು. ನಮ್ಮ ಕಂಪನಿ ಕಾಯ್ದೆಯ ವ್ಯಾಖ್ಯೆಯ ಸಣ್ಣ ಕಂಪನಿ ಅಲ್ಲ, ವಹಿವಾಟೂ 10 ಕೋಟಿ ದಾಟಿದೆ ಎಂದು ಇಟ್ಟುಕೊಳ್ಳಿ; ಆಗ ಸಣ್ಣ ಪ್ರೈವೇಟ್ ಕಂಪನಿಗಳಿಗಿರುವ ವಿನಾಯಿತಿ ಅದಕ್ಕಿಲ್ಲ. ಮುಖ್ಯ ವರದಿಯಲ್ಲಿ ಅನಿಶ್ಚಿತತೆ ಇದೆ ಎಂದು ಬರೆದು ಕ್ಯಾರೋದಲ್ಲಿ ಏನೂ ತೊಂದರೆ ಇಲ್ಲ ಎಂದು ಬರೆದರೆ ಎರಡೂ ತಾಳೆಯಾಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

12. ಕೀ ಆಡಿಟ್ ಮ್ಯಾಟರ್ ಎಂದರೆ?

ಆಡಳಿತದ ಹೊಣೆ ಹೊತ್ತವರಿಗೆ ಆಡಿಟರ್ ತಿಳಿಸಿದ ವಿಷಯಗಳಲ್ಲಿ, ಆ ವರ್ಷದ ಆಡಿಟ್‌ಗೆ ಅತಿ ಮಹತ್ವದ್ದೆಂದು ಆಡಿಟರಿಗೆ ಅನಿಸಿದವು. ಎಸ್‌ಎ 701. ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಶುರುವಾದ ಅವಧಿಗಳಿಂದ ಜಾರಿ. ನಮ್ಮ ಪ್ರೈವೇಟ್ ಕಂಪನಿಗೆ ಕಡ್ಡಾಯವಲ್ಲ, ಆಡಿಟರ್ ಬಯಸಿದರೆ ಕೊಡಬಹುದು.

13. ಒಂದು ಒಳ್ಳೆಯ ಕೀ ಆಡಿಟ್ ಮ್ಯಾಟರ್ ಹೇಗಿರಬೇಕು?

"ದಾಸ್ತಾನು ಮುಖ್ಯ ವಿಷಯ, ನಾವು ಸೂಕ್ತ ಪರೀಕ್ಷೆ ಮಾಡಿದ್ದೇವೆ" ಎಂದು ಸುಮ್ನೆ ಬರೆದರೆ ಯಾವ ಕಂಪನಿಗಾದರೂ ಹೊಂದುತ್ತದೆ. ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಇದೇ ವ್ಯಾಪಾರದ ಒಂದು ಲಿಸ್ಟೆಡ್ ಕಂಪನಿಗೆ ಹೀಗೆ ಬರೆಯಿರಿ:

"ದಾಸ್ತಾನಿನ ಮೌಲ್ಯ (ಟಿಪ್ಪಣಿ 9): ವರ್ಷಾಂತ್ಯಕ್ಕೆ 46 ಕೋಟಿ ರೂಪಾಯಿಯ ಅಡಿಕೆ ದಾಸ್ತಾನಿತ್ತು. ದರ್ಜೆಯಿಂದ ದರ್ಜೆಗೆ ದರ ಬದಲಾಗುತ್ತದೆ, ತೇವದಿಂದ ಬೂಷ್ಟು ಹಿಡಿದರೆ ದರ್ಜೆಯೇ ಇಳಿಯುತ್ತದೆ. ಮಾರಿದರೆ ಸಿಗುವ ನಿವ್ವಳ ಬೆಲೆಯನ್ನು ನಿರ್ಧರಿಸಲು ಮ್ಯಾನೇಜ್‌ಮೆಂಟ್ ಗಣನೀಯ ಅಂದಾಜು ಬಳಸಿರುವುದರಿಂದ ಇದು ಕೀ ಆಡಿಟ್ ಮ್ಯಾಟರ್. ನಾವು ಗೋದಾಮುಗಳ ದಾಸ್ತಾನು ಎಣಿಕೆಯಲ್ಲಿ ಹಾಜರಿದ್ದೆವು. ಆಯ್ದ ಚೀಲಗಳನ್ನು ಬಿಚ್ಚಿಸಿ ದರ್ಜೆಯನ್ನು ದಾಖಲೆಯೊಂದಿಗೆ ಹೋಲಿಸಿದೆವು. ಏಪ್ರಿಲ್ ಮತ್ತು ಮೇ ತಿಂಗಳ ನಿಜವಾದ ಮಾರಾಟ ದರಗಳನ್ನು ಲೆಕ್ಕದಲ್ಲಿ ಬಳಸಿದ ದರಗಳೊಂದಿಗೆ ತಾಳೆ ನೋಡಿದೆವು."

ಯಾಕೆ ಮುಖ್ಯ, ಏನು ಮಾಡಿದೆವು, ಯಾವ ಟಿಪ್ಪಣಿ ನೋಡಬೇಕು: ಮೂರೂ ಬಂದಿವೆ. "ದಾಸ್ತಾನು ಸರಿಯಾಗಿದೆ" ಎಂಬ ಪ್ರತ್ಯೇಕ ತೀರ್ಪು ಮಾತ್ರ ಇಲ್ಲ, ಇರಲೂಬಾರದು. ಅಭಿಪ್ರಾಯ ಇಡೀ ಹಣಕಾಸು ಪಟ್ಟಿಗೆ ಒಂದೇ.

14. ಗೋಯಿಂಗ್ ಕನ್ಸರ್ನ್ ಅನಿಶ್ಚಿತತೆಯನ್ನು ಕೀ ಆಡಿಟ್ ಮ್ಯಾಟರ್ ಭಾಗದಲ್ಲಿ ವಿವರಿಸಬಹುದೇ?

ಬೇಡ. ಸ್ವಭಾವದಿಂದ ಅದೂ ಕೀ ಆಡಿಟ್ ಮ್ಯಾಟರೇ, ಆದರೆ ಅದಕ್ಕೆ ತನ್ನದೇ ತಲೆಬರಹ ಇದೆ. ಕೀ ಆಡಿಟ್ ಮ್ಯಾಟರ್ ಭಾಗದಲ್ಲಿ ಆ ಕಡೆಗೆ ಒಂದು ಸಾಲಿನ ಉಲ್ಲೇಖ ಸಾಕು. ಕ್ವಾಲಿಫಿಕೇಶನ್‌ಗೆ ಕಾರಣವಾದ ವಿಷಯಕ್ಕೂ ಇದೇ ನಿಯಮ. ಕ್ವಾಲಿಫೈ ಮಾಡಬೇಕಾದದ್ದನ್ನು ಕೀ ಆಡಿಟ್ ಮ್ಯಾಟರ್ ಮಾಡಿ ಮೃದುಗೊಳಿಸುವಂತೆ ಕಂಪನಿ ಕೇಳಿದರೆ ಒಪ್ಪಬಾರದು. ಹಣ ಹಾಕಿದವನಿಗೆ ಅದು ಮೋಸ.

ಅನುಮಾನದ ಸಂಗತಿಗಳಿದ್ದವು, ಪರಿಶೀಲಿಸಿದ ಮೇಲೆ ಗಂಭೀರ ಅನಿಶ್ಚಿತತೆ ಇಲ್ಲವೆಂದು ತೀರ್ಮಾನವಾಯಿತು ಎಂದಾದರೆ ವಿಷಯ ಬೇರೆ. ಆಗ ಲಿಸ್ಟೆಡ್ ಕಂಪನಿಯಲ್ಲಿ ಅದನ್ನು ಕೀ ಆಡಿಟ್ ಮ್ಯಾಟರ್ ಆಗಿ ಬರೆಯಬಹುದು.

15. ಡಿಸ್‌ಕ್ಲೈಮರ್ ಕೊಟ್ಟ ವರದಿಯಲ್ಲಿ ಕೀ ಆಡಿಟ್ ಮ್ಯಾಟರ್ ಇರಬಹುದೇ?

ಕಾನೂನು ಕೇಳದಿದ್ದರೆ ಇರಬಾರದು. ಅಭಿಪ್ರಾಯವನ್ನೇ ಕೊಡಲಾಗುತ್ತಿಲ್ಲ ಎಂದ ಮೇಲೆ ದಾಸ್ತಾನಿಗೆ ಇಷ್ಟೆಲ್ಲ ಪರೀಕ್ಷೆ ಮಾಡಿದೆವು ಎಂದು ಬರೆದರೆ, ದಾಸ್ತಾನಿನ ಮಟ್ಟಿಗಾದರೂ ಲೆಕ್ಕ ಸರಿಯಿದೆ ಎಂದು ಓದುವವರು ನಂಬಿಬಿಡುತ್ತಾರೆ.