ಒಂದು ಗಂಟೆ ಜಾಸ್ತಿ

ಗಡಿಯಾರದಲ್ಲಿ ಹತ್ತು ಗಂಟೆ. ಸುಮಾ ಸ್ನಾನ ಮಾಡಿ, ಹಳದಿ ಚೂಡಿದಾರ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದಳು. ಪ್ರಶಾಂತನ ಕರೆ ಬರಲಿಲ್ಲ. ಹತ್ತೂ ಐದಾಯಿತು, ಹತ್ತೂ ಏಳಾಯಿತು. ಪ್ರತಿ ಭಾನುವಾರ ಅಲ್ಲಿ ಮಧ್ಯಾಹ್ನ ಮೂರೂವರೆ, ಇಲ್ಲಿ ಬೆಳಿಗ್ಗೆ ಹತ್ತು. ಡಿಸೆಂಬರಿನಲ್ಲಿ ನಿಶ್ಚಿತಾರ್ಥ ಆದಾಗಿನಿಂದ ಒಂದು ವಾರವೂ ತಪ್ಪಿರಲಿಲ್ಲ.

ಆಮೇಲೆ ಹೊಳೆಯಿತು. ರಾತ್ರಿ ಗಡಿಯಾರ ಮುಂದೆ ಹೋಗಿದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಇವರ ಊರಲ್ಲಿ ರಾತ್ರಿ ಒಂದು ಹೊಡೆಯಬೇಕಾದ ಹೊತ್ತಿಗೆ ಸೀದಾ ಎರಡು ಆಗುತ್ತದೆ. ಫೋನು ತಾನೇ ಸರಿಮಾಡಿಕೊಂಡಿತ್ತು. ಅವಳ ತಲೆ ಮಾಡಿಕೊಂಡಿರಲಿಲ್ಲ. ಡಬ್ಲಿನ್ನಿಗೂ ಹುಬ್ಬಳ್ಳಿಗೂ ಇದ್ದ ಐದೂವರೆ ಗಂಟೆ ಇನ್ನು ಅಕ್ಟೋಬರ್ ತನಕ ನಾಲ್ಕೂವರೆ. ಅಲ್ಲಿ ಈಗ ಎರಡೂವರೆ ಅಷ್ಟೇ. ಹೋಳಿಗೆ ಊಟ ಮುಗಿಸಿ ಎಲ್ಲರೂ ಅಡ್ಡಾಗಿರುತ್ತಾರೆ.

ತಮಾಷೆ ಅಂದರೆ, ರಾತ್ರಿ ಪಾಳಿಯಲ್ಲಿ ವಾರ್ಡಿನ ತುಂಬಾ ಇದೇ ಮಾತು. ಇವತ್ತು ಒಂದು ಗಂಟೆ ಕಮ್ಮಿ ದುಡಿತ ಅಂತ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳೂ ಇವಳೇ.

ಈಗ ಆ ಒಂದು ಗಂಟೆ ವಾಪಸ್ ಬಂದು ಎದುರಿಗೆ ಕೂತಿತ್ತು.

ಅವನಿಗೆ ಹೇಳಬೇಕಾದ ಮಾತನ್ನು ಅವಳು ಲುವಾಸ್ ಟ್ರಾಮಿನಲ್ಲಿ ಬರುವಾಗ ನಾಲ್ಕು ಸಲ ಹೇಳಿಕೊಂಡಿದ್ದಳು. ಫಿಬ್ಸ್‌ಬರೊ ನಿಲ್ದಾಣದಲ್ಲಿ ಇಳಿದು ಮನೆ ತನಕ ನಡೆಯುವಾಗ ಇನ್ನೆರಡು ಸಲ. ಆಗ ಚೆನ್ನಾಗಿಯೇ ಇತ್ತು. ಈಗ ನೋಡಿದರೆ ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡ ಬೆಲ್ಲದಂತೆ ಅದರ ಮೂಲೆಗಳೆಲ್ಲ ಕರಗಿಹೋಗಿದ್ದವು. ಗುರುವಾರ ರಾತ್ರಿಯಿಂದ ಅವಳಿಗೆ ಸರಿಯಾಗಿ ನಿದ್ದೆಯೂ ಇರಲಿಲ್ಲ.

ವಿಷಯ ದೊಡ್ಡದೇನಲ್ಲ ಅಂತ ಅಂದುಕೊಳ್ಳಲು ನೋಡಿದಳು. ಐಸಿಯು ನರ್ಸಿಂಗಿನ ಒಂದು ಕೋರ್ಸು. ಸೆಪ್ಟೆಂಬರಿನಿಂದ ಒಂದು ವರ್ಷ. ಫೀಸು ಆಸ್ಪತ್ರೆಯದ್ದೇ. ಅದಕ್ಕೆ ಬದಲಾಗಿ ಓದು ಮುಗಿದ ಮೇಲೆ ಇನ್ನೊಂದು ವರ್ಷ ಅಲ್ಲೇ ಕೆಲಸ ಮಾಡಬೇಕು. ಆದರೆ ಮದುವೆ ಮಾತಾಡಿದ ದಿನ ಎರಡೂ ಮನೆಯವರು ಒಪ್ಪಿದ್ದು ಬೇರೆ. ತುಳಸಿ ಲಗ್ನ ಆದ ಮೇಲೆ ಮದುವೆ, ಅಷ್ಟರೊಳಗೆ ಸುಮಾ ಇಲ್ಲಿನ ಕೆಲಸ ಬಿಟ್ಟು ಹೋಗುವುದು, ಹುಬ್ಬಳ್ಳಿಯಲ್ಲೇ ಒಂದು ಆಸ್ಪತ್ರೆ ನೋಡಿಕೊಳ್ಳುವುದು. ಪ್ರಶಾಂತ ಇತ್ತ ಬರುವ ಹಾಗಿಲ್ಲ. ದುರ್ಗದಬೈಲಿನಲ್ಲಿ ಅವರದ್ದು ಪಾತ್ರೆ ಅಂಗಡಿ. ಅಪ್ಪನಿಗೆ ಮಂಡಿನೋವು. ಇವನೊಬ್ಬನೇ ಮಗ.

ಬೆಳಿಗ್ಗೆ ಶಿರಸಿಯಿಂದ ಅಪ್ಪ ಫೋನ್ ಮಾಡಿದ್ದರು. ಯುಗಾದಿ ಅಲ್ವಾ, ಪಂಚಾಂಗ ಓದಿ ಆಗಿತ್ತು. “ಇವತ್ತಿಂದ ವಿಶ್ವಾವಸು ಸಂವತ್ಸರ. ನಿನ್ನ ರಾಶಿಗೆ ಸ್ಥಾನಪಲ್ಲಟ ಅಂತ ಬರೆದಿದ್ದಾರೆ ಮಗಾ. ಅಂದರೆ ನೀನು ಊರಿಗೆ ಬರ್ತೀಯ ಅಂತಾಯ್ತು.”

“ಹೂಂ ಅಪ್ಪಾ,” ಅಂದಿದ್ದಳು. ಸ್ಥಾನ ಪಲ್ಲಟ ಆಗುವುದು ಯಾವ ಕಡೆಗೆ ಅಂತ ಪಂಚಾಂಗದವರು ಬರೆಯುವುದಿಲ್ಲ.

ಕಾಫಿಗೆ ನೀರಿಟ್ಟಳು. ಬೇವಿನ ಸೊಪ್ಪು ಎಲ್ಲಿಂದ ತರುವುದು ಅಂತ ನಾಲ್ಕು ಕಾಳು ಮೆಂತ್ಯಕ್ಕೆ ಬೆಲ್ಲ ಸೇರಿಸಿ ಬಟ್ಟಲಲ್ಲಿ ಇಟ್ಟಿದ್ದಳು. ಅದನ್ನೇ ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಬೆಲ್ಲ ಬೇಗ ಹೋಯಿತು, ಮೆಂತ್ಯ ಹಲ್ಲಿನ ಸಂದಿಯಲ್ಲಿ ಉಳಿಯಿತು. ಕಿಟಕಿಯಾಚೆ ಎದುರು ಮನೆಯ ಚಿಮಣಿ ಮೇಲೆ ಸೀಗಲ್ ಹಕ್ಕಿ ಕೂತು ಯಾರನ್ನೋ ಬೈಯುತ್ತಿತ್ತು. ಚಮಚ ಹುಡುಕಲು ಡ್ರಾಯರ್ ಎಳೆದಾಗ ಕಾರ್ಡಿನ ಪೊಟ್ಟಣ ಕಣ್ಣಿಗೆ ಬಿತ್ತು.

ಅದು ಮಾಗ್ದಾಳದ್ದು. ಪೋಲೆಂಡಿನವಳು, ಇದೇ ಮನೆಯಲ್ಲಿ ಒಂದು ವರ್ಷ ಜೊತೆಗಿದ್ದಳು. ಊರಿಗೆ ಹೋಗುವಾಗ ಕುಕ್ಕರು ತಗೊಂಡು ಹೋದಳು, ಟ್ಯಾರೋ ಕಾರ್ಡು ಬಿಟ್ಟು ಹೋದಳು. ಕುಕ್ಕರು ಸುಮಾಳದ್ದು. 78 ಕಾರ್ಡು, 1909ರಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದ ಚಿತ್ರಗಳು. ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್ ಅನ್ನುವ ಹೆಂಗಸು. ಆದರೂ ಬಹಳ ಕಾಲ ಜನ ಹೇಳುತ್ತಿದ್ದದ್ದು ಬರೆಸಿದ ಗಂಡಸಿನ ಹೆಸರು, ಪ್ರಕಾಶಕರ ಹೆಸರು ಅಂತ ಮಾಗ್ದಾ ಸಿಟ್ಟು ಮಾಡುತ್ತಿದ್ದಳು. ಒಂದು ನಿಯಮವನ್ನೂ ಹೇಳಿಕೊಟ್ಟಿದ್ದಳು. ಹೌದೋ ಅಲ್ಲವೋ ಅಂತ ಕೇಳಬೇಡ. ಹಾಗೆ ಕೇಳಿದರೆ ನಿನಗೆ ಬೇಕಾದ್ದು ಬರುವ ತನಕ ತೆಗೆಯುತ್ತಲೇ ಇರುತ್ತೀಯ. ‘ಹೇಗೆ’ ಅಂತ ಕೇಳು. ಒಂದೇ ಕಾರ್ಡು ತೆಗಿ.

ಸುಮಾ ನಂಬುವವಳಲ್ಲ. ಆದರೆ ಒಂದು ಗಂಟೆ ಇತ್ತಲ್ಲ.

ಮೇಜು ಒರೆಸಿ ಕಾರ್ಡುಗಳನ್ನು ಕಲೆಸಿದಳು. ಇಸ್ಪೀಟಿನ ಎಲೆಗಿಂತ ಉದ್ದ, ಅವಳ ಸಣ್ಣ ಕೈಗೆ ಸರಿಯಾಗಿ ಕೂರುತ್ತಿರಲಿಲ್ಲ. ಕಲೆಸುತ್ತಾ ಕಲೆಸುತ್ತಾ ಅವಳಿಗೆ ಮಾರಿಕಾಂಬಾ ಜಾತ್ರೆ ನೆನಪಾಯಿತು.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ. ಅವಳಿಗೆ ಆಗ ಏಳು ವರ್ಷ. ಬಿಡಕಿಬೈಲಿನಲ್ಲಿ ದೇವಿಯ ಗದ್ದುಗೆ ನೋಡಿ ಬಂದು, ಬಳೆ ಅಂಗಡಿ ದಾಟಿದ ಮೇಲೆ ಅಜ್ಜಿ ಒಬ್ಬ ಗಿಳಿಶಾಸ್ತ್ರದವನ ಮುಂದೆ ಕೂತುಬಿಟ್ಟಳು. ಚಿಕ್ಕಮ್ಮನಿಗೆ ಗಂಡು ಸಿಕ್ಕಿರಲಿಲ್ಲ. ಅವನು ಪುಟ್ಟ ಪಂಜರದ ಬಾಗಿಲು ಎತ್ತಿದ. ಗಿಳಿ ಕುಣಿಯುತ್ತಾ ಹೊರಗೆ ಬಂತು. ಸಾಲಾಗಿ ಇಟ್ಟ ಕಾರ್ಡುಗಳನ್ನು ಕೊಕ್ಕಿನಿಂದ ಒಂದೊಂದಾಗಿ ಸರಿಸಿತು, ಬೇಡ, ಬೇಡ ಅನ್ನುವ ಹಾಗೆ. ಕೊನೆಗೆ ಒಂದನ್ನು ಎಳೆದು ಅವನ ಕೈಗೆ ಕೊಟ್ಟಿತು. ಅವನು ಅದಕ್ಕೆ ಒಂದು ಭತ್ತದ ಕಾಳು ಕೊಟ್ಟ. ಗಿಳಿ ಕಾಳು ಸುಲಿದು ತಿಂದು, ತಿರುಗಿ, ನಡೆದುಕೊಂಡು ಹೋಗಿ ಪಂಜರದೊಳಗೆ ಸೇರಿಕೊಂಡಿತು. ಯಾರೂ ಹಿಡಿದು ಹಾಕಲಿಲ್ಲ. ಬಾಗಿಲು ಇಳಿದದ್ದು ಆಮೇಲೆ.

ಕಾರ್ಡಿನಲ್ಲಿ ಏನಿತ್ತೋ ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಚಿಕ್ಕಮ್ಮನ ಮದುವೆ ಆಯಿತು, ಅದು ಬೇರೆ ಮಾತು. ಸುಮಾಳಿಗೆ ನೆನಪಿರುವುದು ಆ ಗಿಳಿಯ ನಡಿಗೆ ಮಾತ್ರ. ಕೆಲಸ ಮುಗಿಸಿ ಮನೆಗೆ ಹೊರಟವರ ನಡಿಗೆ.

ಕಾರ್ಡುಗಳನ್ನು ಮೇಜಿನ ಮೇಲೆ ಉದ್ದಕ್ಕೆ ಹರಡಿದಳು. ಹೇಗೆ ಹೇಳಲಿ ಅಂತ ಮನಸ್ಸಿನಲ್ಲಿ ಕೇಳಿ, ಎಡಗಡೆಯಿಂದ ಬೆರಳು ಆಡಿಸುತ್ತಾ ಬಂದು ಒಂದನ್ನು ಎಳೆದಳು. ತಾನು ಥೇಟ್ ಗಿಳಿಯ ಹಾಗೇ ಮಾಡಿದೆ ಅಂತ ನಗು ಬಂತು.

ಎರಡು ಕತ್ತಿಗಳ ಕಾರ್ಡು.

ಬಿಳಿ ಬಟ್ಟೆಯ ಹೆಂಗಸು ಕಲ್ಲಿನ ಬೆಂಚಿನ ಮೇಲೆ ಕೂತಿದ್ದಾಳೆ. ಕಣ್ಣಿಗೆ ಪಟ್ಟಿ. ಎದೆಯ ಮೇಲೆ ಕೈ ಅಡ್ಡ ಹಾಕಿ ಎರಡೂ ಕೈಯಲ್ಲಿ ಒಂದೊಂದು ಉದ್ದ ಕತ್ತಿ ಹಿಡಿದಿದ್ದಾಳೆ. ಬೆನ್ನಿಗೆ ಸಮುದ್ರ, ಅಲ್ಲಲ್ಲಿ ಬಂಡೆ, ಮೇಲೆ ಬಿದಿಗೆ ಚಂದ್ರನಂಥ ತೆಳು ಚಂದ್ರ. ಕೆಳಗೆ ಮೂಲೆಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ಪಮೇಲಾಳ ಸಹಿ.

ಎರಡು ದಾರಿಯ ನಡುವೆ ಸಿಕ್ಕಿಕೊಂಡವಳು ಅಂತ ಇದಕ್ಕೆ ಅರ್ಥ ಹೇಳುತ್ತಾರೆ. ಸುಮಾ ನೋಡಿದ್ದು ಅವಳ ಭುಜವನ್ನು. ನರ್ಸಿನ ಕಣ್ಣು, ಏನು ಮಾಡುವುದು. ಇಷ್ಟು ಭಾರ ಹಿಡಿದು ಹೀಗೆ ಎಷ್ಟು ಹೊತ್ತು ಕೂತಾಳು? ಹತ್ತು ನಿಮಿಷಕ್ಕೆ ತೋಳು ನಡುಗುತ್ತದೆ. ಹದಿನೈದಕ್ಕೆ ಬೆನ್ನು ಹಿಡಿಯುತ್ತದೆ. ಇವಳ ಮುಖ ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗಿದೆ. ಅಂಥ ರೋಗಿಗಳನ್ನು ಅವಳು ಕಂಡಿದ್ದಾಳೆ. ನೋವು ಎಷ್ಟಿದೆ ಅಂದರೆ ಎರಡು ಅನ್ನುತ್ತಾರೆ, ನಾಡಿ ಮಾತ್ರ ಓಡುತ್ತಿರುತ್ತದೆ.

ಇನ್ನೊಂದು ಸಂಗತಿ. ಅವಳ ಕೈ ಕಟ್ಟಿಲ್ಲ. ಆದರೆ ಕಣ್ಣಿನ ಪಟ್ಟಿ ಬಿಚ್ಚಬೇಕಾದರೆ ಒಂದು ಕತ್ತಿಯನ್ನಾದರೂ ಕೆಳಗಿಡಬೇಕು.

ಕಾಫಿ ಆರಿಹೋಗಿತ್ತು. ಸರಿಯಾಗಿ ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು.

“ಏನ್ರೀ ಮೇಡಂ, ಹಬ್ಬ ಜೋರೇನು?” ಪ್ರಶಾಂತ ಹೊಸ ಅಂಗಿ ಹಾಕಿದ್ದ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಹಿಂದೆ ಟೀವಿ ಸದ್ದು, ಯಾರೋ ಮಕ್ಕಳ ಗಲಾಟೆ. “ಬೇವು ಕುಡಿದ್ಯೋ ಇಲ್ಲೋ?”

“ನಮ್ಮ ಕಡೆ ತಿನ್ನೋದು.”

“ತಿಂತಾರಂತ! ಬೇವು ಕುಡಿಯೂದು. ಅವ್ವ ಒಂದು ಹಂಡೆ ಮಾಡ್ಯಾಳ. ಈ ಸಲ ನೀ ಇಲ್ಲ, ಮುಂದಿನ ಯುಗಾದಿಗೆ ನಿನ್ನ ಪಾಲಿಂದೂ ಸೇರಿಸಿ ಕುಡಸ್ತಾಳ.”

ಸುಮಾ ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು. ಕಾರ್ಡು ಇನ್ನೂ ಕೈಯಲ್ಲೇ ಇತ್ತು.

“ಅದೇನು ಕೈಯಾಗ? ಇಸ್ಪೀಟ ಎಲಿ?”

“ಗಿಳಿಶಾಸ್ತ್ರ.”

“ಗಿಳಿ ಎಲ್ಲೈತಿ?”

“ನಾನೇ.”

“ತೋರ್ಸು.” ಅವಳು ಕ್ಯಾಮೆರಾದ ಹತ್ತಿರ ಹಿಡಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಪಾತ್ರೆಯ ತಳದಲ್ಲಿ ತೂತು ಇದೆಯೇ ಅಂತ ನೋಡುವಾಗ ಹೀಗೇ ಮಾಡುತ್ತಾನೇನೋ. “ಪಾಪ, ಕೂಸಿನ ಕಣ್ಣು ಕಟ್ಟ್ಯಾರ. ಕೈ ಸೋತಿರಬೇಕು ಆಕಿಗೆ.”

ಸುಮಾ ಕಾರ್ಡನ್ನು ಕೆಳಗಿಟ್ಟಳು. ಅವನೂ ಕೈ ನೋಡಿದ್ದ. ಅದನ್ನು ಅವಳು ನಿರೀಕ್ಷೆ ಮಾಡಿರಲಿಲ್ಲ. ಟ್ರಾಮಿನಲ್ಲಿ ಕಟ್ಟಿದ ವಾಕ್ಯ ಪೂರ್ತಿ ಮರೆತುಹೋಯಿತು.

“ಪ್ರಶಾಂತ್, ಒಂದು ಕೋರ್ಸಿದೆ. ಐಸಿಯುದು. ನಂಗೆ ಸಿಕ್ಕಿದೆ. ಸೆಪ್ಟೆಂಬರಿಂದ ಶುರು. ಒಟ್ಟು ಎರಡು ವರ್ಷ ಇಲ್ಲೇ ಇರಬೇಕಾಗುತ್ತೆ.”

ಅವನು ಏನೂ ಅನ್ನಲಿಲ್ಲ. ಹಿಂದೆ ಟೀವಿಯಲ್ಲಿ ಯಾರೋ ಜೋರಾಗಿ ನಕ್ಕರು.

“ಸಿಕ್ಕೈತಿ ಅಂದ್ರ? ನೀ ಅರ್ಜಿ ಹಾಕಿದ್ದಿ?”

“ಜನವರಿಯಲ್ಲಿ.”

“ಜನವರಿ.” ಅವನು ಬೆರಳು ಮಡಚಲಿಲ್ಲ, ಆದರೆ ಲೆಕ್ಕ ಹಾಕಿದ್ದು ಮುಖದಲ್ಲಿ ಕಂಡಿತು. ನಿಶ್ಚಿತಾರ್ಥ ಮುಗಿಸಿ ಅವಳು ವಿಮಾನ ಹತ್ತಿದ್ದು ಜನವರಿ ಮೂರಕ್ಕೆ. “ಉತ್ರ ಯಾವಾಗ ಕೊಡಬೇಕು?”

“ನಾಳೆ ಕೊನೆ ದಿನ.”

“ಹಂಗಾರ ಇನ್ನೂ ಒಂದು ದಿನ ಐತಿ,” ಅಂದ. ದನಿ ಸ್ವಲ್ಪ ಸಡಿಲಾಯಿತು. “ವಿಚಾರ ಮಾಡೂಣಂತ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಇವತ್ತು ಹಬ್ಬ, ನಾಳೆ ನೋಡೋಣ, ಅಷ್ಟು ಸುಲಭ. ಅವಳು ಮೇಜಿನ ಮೇಲಿನ ಹೆಂಗಸನ್ನು ನೋಡಿದಳು.

“ಗುರುವಾರವೇ ಕೊಟ್ಟೆ,” ಅಂದಳು. “ಬರ್ತೀನಿ ಅಂತ ಬರೆದುಬಿಟ್ಟೆ. ನಿನಗೆ ಹೇಳದೆ.”

ಇಷ್ಟು ದಿನ ಅವನನ್ನು ‘ನೀವು’ ಅನ್ನುತ್ತಿದ್ದಳು. ಬಾಯಿತಪ್ಪಿ ಬಂದದ್ದು ಅವಳಿಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು.

“ಪ್ರಶಾಂತಾ, ಸುಮಾ ಏನು? ಕೊಡಿಲ್ಲೆ ಫೋನ್, ಮಾತಾಡ್ತೀನಿ,” ಅಂತ ಅವನ ಅವ್ವ ಕೂಗಿದ್ದು ಕೇಳಿಸಿತು.

“ತಡಿಯವ್ವಾ, ನೆಟ್ವರ್ಕ ಇಲ್ಲ,” ಅಂದ ಅವನು. ಇವಳ ಕಡೆ ತಿರುಗಿ ಮೆಲ್ಲಗೆ, “ಇಡಬ್ಯಾಡ. ಮಾಳಗಿ ಮ್ಯಾಲ ಹೊಂಟೀನಿ.”

ಪರದೆಯಲ್ಲಿ ಅವನ ಮುಖ ಹೋಗಿ ಫ್ಯಾನು ಬಂತು, ತಲೆಕೆಳಗಾದ ತೋರಣ ಬಂತು, ಆಮೇಲೆ ಮೆಟ್ಟಿಲು. ಫೋನನ್ನು ಕೈಯಲ್ಲಿ ಇಳಿಬಿಟ್ಟುಕೊಂಡು ಹತ್ತುತ್ತಿದ್ದ. ಹವಾಯಿ ಚಪ್ಪಲಿಯ ಸದ್ದು, ಅವನ ಉಸಿರು. ಸುಮಾ ಮೆಟ್ಟಿಲು ಎಣಿಸಿದಳು. ಹದಿನಾಲ್ಕು. ಕಬ್ಬಿಣದ ಬಾಗಿಲು ಕಿರ್ ಅಂದಿತು. ಪರದೆ ಪೂರ್ತಿ ಬೆಳ್ಳಗಾಯಿತು, ಹುಬ್ಬಳ್ಳಿಯ ಮಧ್ಯಾಹ್ನದ ಬಿಸಿಲು.

ನೀರಿನ ಟ್ಯಾಂಕಿನ ನೆರಳಲ್ಲಿ ಅವನು ಕೂತ. ಬೆವರು ಒರೆಸಿಕೊಂಡ. ಮುಖದಲ್ಲಿ ಸಿಟ್ಟಿತ್ತೋ ಏನೋ, ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ.

“ಈಗ ಹೇಳು,” ಅಂದ. “ಜನವರಿಯಿಂದ ಹೇಳು.”