ಖರ್ಚಿನ ಗುಣಕ: ಲೆಕ್ಕ ಮತ್ತು ಅದರ ಹಿಂದಿನ ಊಹೆಗಳು

ಸರ್ಕಾರ ರಸ್ತೆಗೆ 100 ಕೋಟಿ ಸುರಿಯಿತು ಅನ್ನಿ. ಅದು ಮೇಸ್ತ್ರಿ, ಕೂಲಿಯವರು, ಜಲ್ಲಿ ಮಾರುವವರ ಆದಾಯ. ಕೈಗೆ ಬಂದ ಪ್ರತಿ ರೂಪಾಯಿಯಲ್ಲಿ 80 ಪೈಸೆ ಖರ್ಚು ಮಾಡುತ್ತಾರೆ, 20 ಪೈಸೆ ಉಳಿಸುತ್ತಾರೆ. ಖರ್ಚಾಗುವ ಈ ಪಾಲನ್ನು c ಅನ್ನೋಣ, ಅಂದರೆ c = 0.8. ಆ 80 ಕೋಟಿ ಕಿರಾಣಿ ಅಂಗಡಿಯವರ, ದರ್ಜಿಯ ಆದಾಯವಾಗುತ್ತದೆ. ಅವರು 64 ಕೋಟಿ ಖರ್ಚು ಮಾಡುತ್ತಾರೆ. ಆಮೇಲೆ 51.2.

ನಾಲ್ಕು ಸುತ್ತಿಗೆ ಒಟ್ಟು 295.2 ಕೋಟಿ. ಕೊನೆತನಕ ಕೂಡಿದರೆ ಮೊದಲ ಖರ್ಚು ಎಷ್ಟು ಪಟ್ಟಾಗುತ್ತದೆ ಅನ್ನೋದೇ ಗುಣಕ, k:

```
k = 1/(1 - c) = 1/0.2 = 5
100 × 5 = 500
```

ಇಲ್ಲಿ ಜಾಸ್ತಿ ಜನ ಎಡವುತ್ತಾರೆ: 500ರಲ್ಲಿ ಮೊದಲ 100 ಕೂಡ ಸೇರಿದೆ. ಅದೇ ಹಣವನ್ನು ಸುಮ್ನೆ ಜನರ ಖಾತೆಗೆ ಹಾಕಿದರೆ ಸರಪಳಿ 80ರಿಂದ ಶುರು, ಒಟ್ಟು 400.

ಐದು ಪಟ್ಟು! ನಂಬೋಕೆ ಕಷ್ಟ, ಅಲ್ವಾ? ಕಷ್ಟವೇ. ತೆರಿಗೆ ಇಲ್ಲ, ಆಮದು ಇಲ್ಲ ಅಂತ ಊಹಿಸಿದ್ದೇವೆ. ಆದಾಯದ ಮೇಲೆ 25% ತೆರಿಗೆ, 10% ಆಮದಿಗೆ ಹೋದರೆ:

```
k = 1/(1 - 0.8×0.75 + 0.1) = 2
```

ಇನ್ನೊಂದು ಊಹೆ ಇದಕ್ಕಿಂತ ದೊಡ್ಡದು. ಕೆಲಸವಿಲ್ಲದ ಕೈಗಳು, ನಿಂತ ಯಂತ್ರಗಳು ಇರಬೇಕು. ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಗುಣಕದ ಬಗ್ಗೆ ಬರೆದಾಗ ಪರಿಸ್ಥಿತಿ ಹಾಗೇ ಇತ್ತು. ಎಲ್ಲ ಕಲ್ಲುಕ್ವಾರಿಗಳೂ ಹಗಲಿರುಳು ಓಡುತ್ತಿದ್ದರೆ ಹೊಸ ಹಣ ಜಲ್ಲಿಯ ರೇಟು ಏರಿಸುತ್ತದೆ, ಜಲ್ಲಿಯನ್ನಲ್ಲ. ಬೆಲೆ, ಬಡ್ಡಿದರ, c ಮೂರೂ ಕದಲುವುದಿಲ್ಲ ಅಂತಲೂ ಒಪ್ಪಿಕೊಂಡಿದ್ದೇವೆ.

ಅಭ್ಯಾಸ: c = 0.75, ತೆರಿಗೆ 20%, ಆಮದು 10% ಆದರೆ k ಎಷ್ಟು?