ಕಟ್ಟಡ ಸಮಿತಿಯ ಸಭೆ ಮುಂದೂಡಿಕೆ

2025ರ ಜುಲೈ 10, ಗುರುವಾರ

ಗ್ರಂಥಾಲಯ ಕಟ್ಟಡ ಸಮಿತಿಯ ಎಲ್ಲ ಸದಸ್ಯರಿಗೆ

ವಿಷಯ: ಜುಲೈ 12ರ ಸಭೆಯನ್ನು ಜುಲೈ 26ಕ್ಕೆ ಮುಂದೂಡಿರುವ ಬಗ್ಗೆ

ಮಾನ್ಯರೆ,

ನನ್ನ ತಾಯಿಯವರು ನಿನ್ನೆ ರಾತ್ರಿ ತೀರಿಕೊಂಡರು. ಈ ಕಾರಣದಿಂದ, ಇದೇ ಶನಿವಾರ ಬೆಳಿಗ್ಗೆ 11 ಗಂಟೆಗೆ ಕರೆಯಲಾಗಿದ್ದ ಸಮಿತಿಯ ಸಭೆಯನ್ನು ಜುಲೈ 26ರ ಶನಿವಾರಕ್ಕೆ ಮುಂದೂಡಲಾಗಿದೆ. ವೇಳೆ ಮತ್ತು ಸ್ಥಳ ಮೊದಲಿನಂತೆಯೇ ಇರುತ್ತವೆ. ಇಂದು ಬೆಳಿಗ್ಗೆ ಅಧ್ಯಕ್ಷರೊಂದಿಗೆ ಮಾತನಾಡಿ, ಅವರ ಒಪ್ಪಿಗೆ ಪಡೆದ ಬಳಿಕ ಇದನ್ನು ತಮಗೆ ತಿಳಿಸುತ್ತಿದ್ದೇನೆ. ಇಷ್ಟು ಕಡಿಮೆ ಸಮಯದಲ್ಲಿ ತಿಳಿಸಬೇಕಾಗಿ ಬಂದುದಕ್ಕೆ ಕ್ಷಮೆ ಕೋರುತ್ತೇನೆ.

ನಾನಿಲ್ಲದೆಯೇ ಸಭೆ ನಡೆಯಲಿ ಎಂಬುದು ನನ್ನ ಮೊದಲ ವಿಚಾರವಾಗಿತ್ತು. ಆದರೆ ಮೇಲ್ಛಾವಣಿ ದುರಸ್ತಿಗೆ ಬಂದಿರುವ ದರಪಟ್ಟಿಗಳ ಲಕೋಟೆಗಳನ್ನು ಅಧ್ಯಕ್ಷರೂ ಕಾರ್ಯದರ್ಶಿಯೂ ಸದಸ್ಯರ ಎದುರಿಗೆ ಒಟ್ಟಾಗಿ ಒಡೆಯಬೇಕೆಂದು ಸಮಿತಿಯೇ ಹಿಂದೆ ತೀರ್ಮಾನಿಸಿದೆ. ಒಂದು ಸಲಕ್ಕೆಂದು ಆ ಕ್ರಮವನ್ನು ಸಡಿಲಿಸಿದರೆ, ಗುತ್ತಿಗೆ ಸಿಗದವರು ಮುಂದೆ ಅದನ್ನೇ ಆಕ್ಷೇಪವಾಗಿ ಎತ್ತಬಹುದು. ಹಾಗೆ ಎತ್ತಿದರೆ ಅವರದು ತಪ್ಪೆನ್ನಲೂ ಆಗದು. ಅಧ್ಯಕ್ಷರ ಅಭಿಪ್ರಾಯವೂ ಇದೇ ಆಗಿರುವುದರಿಂದ, ಸಭೆಯನ್ನೇ ಮುಂದಕ್ಕೆ ಹಾಕುವುದು ಸರಿಯೆಂದು ಕಂಡಿತು. ಲಕೋಟೆಗಳು ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಮೊಹರು ಒಡೆಯದೆ ಹಾಗೆಯೇ ಇವೆ.

ಈಗಾಗಲೇ ತಮ್ಮ ಕೈ ಸೇರಿರುವ ಕಾರ್ಯಸೂಚಿಯಲ್ಲಿ ಬದಲಾವಣೆ ಇಲ್ಲ. ಅದನ್ನೇ ಜುಲೈ 26ರ ಸಭೆಗೂ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅಂದು ಬರಲು ಆಗದವರು ಜುಲೈ 18ರೊಳಗೆ ಜಂಟಿ ಕಾರ್ಯದರ್ಶಿಯವರಿಗೆ ತಿಳಿಸಿದರೆ, ಕೋರಂ ಆಗುವುದೋ ಇಲ್ಲವೋ ಎಂಬುದು ಮೊದಲೇ ಗೊತ್ತಾಗುತ್ತದೆ. ಮತ್ತೊಮ್ಮೆ ದಿನಾಂಕ ಬದಲಿಸುವ ಸಂದರ್ಭ ಬಾರದಿರಲಿ ಎಂಬುದಷ್ಟೇ ಇದರ ಉದ್ದೇಶ.

ಓದುವ ಕೊಠಡಿಯ ಪೂರ್ವದ ಮೂಲೆಯಲ್ಲಿ ಛಾವಣಿಗೆ ಆಸರೆ ಕೊಡುವ ಕೆಲಸ ಈ ಮುಂದೂಡಿಕೆಗೆ ಒಳಪಡುವುದಿಲ್ಲ. ಅದಕ್ಕೆ ಕಳೆದ ಸಭೆಯಲ್ಲೇ ಮಂಜೂರಾತಿ ದೊರೆತಿದ್ದು, ಸೋಮವಾರ ಅದು ಆರಂಭವಾಗುತ್ತದೆ.

ಅಂತ್ಯಕ್ರಿಯೆಯನ್ನು ಕುಟುಂಬದವರಷ್ಟೇ ಸೇರಿ ನೆರವೇರಿಸುತ್ತಿದ್ದೇವೆ. ತಮ್ಮಲ್ಲಿ ಹಲವರು ಬರಬೇಕೆಂದು ಬಯಸುವಿರೆಂಬುದು ನನಗೆ ಗೊತ್ತು. ತಾಯಿಯವರು ಬಹಳ ದಿನಗಳಿಂದ ಹಾಸಿಗೆ ಹಿಡಿದಿದ್ದರು. ತಮ್ಮ ಕೊನೆಯ ಕಾರ್ಯಗಳು ಸದ್ದುಗದ್ದಲವಿಲ್ಲದೆ ನಡೆಯಲೆಂದು ಅವರೇ ಹೇಳಿಟ್ಟಿದ್ದರು. ದಯವಿಟ್ಟು ಅದನ್ನು ಅವರ ಮಾತೆಂದೇ ತಿಳಿದು ನಡೆಸಿಕೊಡಬೇಕೆಂದು ವಿನಂತಿಸುತ್ತೇನೆ. ಮುಂದಿನ ಕೆಲವು ದಿನ ಸಮಿತಿಯ ಯಾವುದೇ ವಿಷಯಕ್ಕೆ ಜಂಟಿ ಕಾರ್ಯದರ್ಶಿಯವರನ್ನು ಸಂಪರ್ಕಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಕಟ್ಟಡ ಸಮಿತಿ


ಅದೇ ದಿನ, ಜಂಟಿ ಕಾರ್ಯದರ್ಶಿಯವರಿಗೆ

ಪ್ರಿಯರೆ,

ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನು ಬರಹದಲ್ಲಿಯೂ ಇಡುತ್ತಿದ್ದೇನೆ. ಅವಸರದಲ್ಲಿ ನಾನೇನು ಹೇಳಿದೆ, ಏನು ಬಿಟ್ಟೆ ಎಂಬುದು ನನಗೇ ಸರಿಯಾಗಿ ನೆನಪಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಆಸರೆಯ ಕೆಲಸ. ಪೂರ್ವದ ಮೂಲೆಯಲ್ಲಿ ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ, ಅವುಗಳ ಕೆಳಗಿನ ಕಾಂಕ್ರೀಟು ಹೆಕ್ಕಳಿಕೆಯಂತೆ ಎದ್ದು ಉದುರುತ್ತಿದೆಯಷ್ಟೆ. ಕಬ್ಬಿಣದ ಆಸರೆಗಳನ್ನು ನೇರವಾಗಿ ನೆಲದ ಹಾಸಿನ ಮೇಲೆ ನಿಲ್ಲಿಸಲು ಬಿಡಬೇಡಿ. ಭಾರ ಒಂದೇ ಜಾಗಕ್ಕೆ ಬೀಳದಂತೆ ಅಡಿಗೂ ಮೇಲಕ್ಕೂ ದಪ್ಪ ಹಲಗೆ ಕೊಡಬೇಕೆಂದು ಎಂಜಿನಿಯರರು ಸ್ಪಷ್ಟವಾಗಿ ಹೇಳಿದ್ದಾರೆ. ತಿರುಪನ್ನು ಬಿಗಿಯಾಗಿ ತಾಗುವಷ್ಟೇ ತಿರುಗಿಸಬೇಕು. ಛಾವಣಿಯನ್ನು ಮೇಲಕ್ಕೆ ಎತ್ತಲು ಹೋದರೆ ಹೊಸ ಬಿರುಕು ಬರುತ್ತದೆ. ಕೆಲಸ ಮುಗಿಯುವವರೆಗೆ ಆ ಮೂಲೆಗೆ ಹಗ್ಗ ಕಟ್ಟಿ, ಓದುಗರನ್ನು ಇನ್ನೊಂದು ಬದಿಯಲ್ಲಿ ಕೂರಿಸಿ. ದಿನಪತ್ರಿಕೆಗಳ ಮೇಜನ್ನು ಈ ಕಡೆಗೆ ತಂದಿಟ್ಟರೆ ಜನ ತಾವಾಗಿಯೇ ಈ ಕಡೆ ಬರುತ್ತಾರೆ. ಸೂಚನಾ ಫಲಕವನ್ನು ಯಾರೂ ಓದುವುದಿಲ್ಲ.

ದರಪಟ್ಟಿ ಸಲ್ಲಿಸಿದ ಮೂವರಿಗೂ ಕಳುಹಿಸಬೇಕಾದ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಸಹಿಯಲ್ಲೇ ಇಂದೇ ಹೋಗಲಿ. ಮೂವರಿಗೂ ಒಂದೇ ಹೊತ್ತಿಗೆ, ಒಂದೇ ಒಕ್ಕಣೆಯಲ್ಲಿ ಹೋಗುವುದು ಅಗತ್ಯ. ಅವರಲ್ಲಿ ಯಾರಾದರೂ ಫೋನು ಮಾಡಿ ಕೇಳಿದರೆ, ಪತ್ರದಲ್ಲಿ ಇರುವುದಕ್ಕಿಂತ ಒಂದು ಮಾತೂ ಹೆಚ್ಚು ಹೇಳುವುದು ಬೇಡ. ಎಷ್ಟು ಜನ ದರಪಟ್ಟಿ ಕೊಟ್ಟಿದ್ದಾರೆ ಎಂಬುದನ್ನೂ ಸಹ.

ಕಪಾಟಿನ ಒಂದು ಕೀಲಿ ಅಧ್ಯಕ್ಷರಲ್ಲಿದೆ, ಇನ್ನೊಂದು ನನ್ನಲ್ಲಿದೆ. ನನ್ನದನ್ನು ಯಾರ ಕೈಯಲ್ಲಾದರೂ ಕೊಟ್ಟು ಕಳುಹಿಸಬಹುದಿತ್ತು, ಆದರೆ ಸಭೆಯವರೆಗೆ ಅದನ್ನು ತೆರೆಯುವ ಅಗತ್ಯ ಯಾರಿಗೂ ಇಲ್ಲದಿರುವುದರಿಂದ ಕಳುಹಿಸುತ್ತಿಲ್ಲ. ಇದನ್ನು ಅನ್ಯಥಾ ಭಾವಿಸಬಾರದು. ನಡಾವಳಿ ಪುಸ್ತಕ ಮತ್ತು ಹಾಜರಿ ಪುಸ್ತಕ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿವೆ. ಸಭೆ ಮುಂದೂಡಿದ ವಿಷಯವನ್ನು, ಅಧ್ಯಕ್ಷರ ಒಪ್ಪಿಗೆಯ ದಿನಾಂಕದೊಡನೆ, ನಡಾವಳಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ದಾಖಲಿಸಿ. ಕಾರಣವನ್ನು ‘ಕಾರ್ಯದರ್ಶಿಯವರ ಕುಟುಂಬದಲ್ಲಿ ಸಾವು ಸಂಭವಿಸಿದ್ದರಿಂದ’ ಎಂದು ಬರೆದರೆ ಸಾಕು.

ಸಮಿತಿಯ ಪರವಾಗಿ ಹೂಹಾರ ತರುವ ಮಾತು ಬಂದರೆ ನೀವೇ ನಯವಾಗಿ ತಡೆಯಬೇಕು. ಆ ಹಣ ಸಮಿತಿಯದು, ಅದು ಛಾವಣಿಗೆಂದು ಕೂಡಿಸಿದ್ದು.

ಜುಲೈ 18ರವರೆಗೆ ನಾನು ಫೋನು ತೆಗೆಯದೆ ಹೋಗಬಹುದು. ತೀರ ತುರ್ತಿದ್ದರೆ ಸಂದೇಶ ಬರೆದಿಡಿ, ರಾತ್ರಿ ನೋಡುತ್ತೇನೆ. ಈ ಹೊರೆಯನ್ನು ನಿಮ್ಮ ಮೇಲೆ ಹೊರಿಸುವಾಗ ನನಗೆ ಎರಡನೆಯ ಯೋಚನೆ ಬರಲಿಲ್ಲ ಎಂಬುದನ್ನು ತಿಳಿಸಬೇಕೆನಿಸಿತು.

ನಿಮ್ಮ,
ಕಾರ್ಯದರ್ಶಿ


ಅದೇ ದಿನ, ದರಪಟ್ಟಿ ಸಲ್ಲಿಸಿದವರಿಗೆ ಜಂಟಿ ಕಾರ್ಯದರ್ಶಿಯವರ ಸಹಿಯಲ್ಲಿ

ಮಾನ್ಯರೆ,

ಗ್ರಂಥಾಲಯದ ಮೇಲ್ಛಾವಣಿ ದುರಸ್ತಿಗಾಗಿ ತಾವು ಸಲ್ಲಿಸಿರುವ ದರಪಟ್ಟಿಯನ್ನು ಜುಲೈ 12ರಂದು ತೆರೆಯಬೇಕಾಗಿತ್ತು. ಸಮಿತಿಯ ಪದಾಧಿಕಾರಿಯೊಬ್ಬರ ಕುಟುಂಬದಲ್ಲಿ ಸಾವು ಸಂಭವಿಸಿರುವುದರಿಂದ, ಲಕೋಟೆಗಳನ್ನು ಜುಲೈ 26ರ ಶನಿವಾರ ಬೆಳಿಗ್ಗೆ 11 ಗಂಟೆಗೆ ತೆರೆಯಲಾಗುವುದು. ಆ ಸಮಯದಲ್ಲಿ ತಾವಾಗಲಿ, ತಮ್ಮ ಅಧಿಕೃತ ಪ್ರತಿನಿಧಿಯಾಗಲಿ ಹಾಜರಿರಬಹುದು.

ತಮ್ಮ ದರಗಳ ಅವಧಿ ಜುಲೈ 31ಕ್ಕೆ ಮುಗಿಯುತ್ತದೆ. ಲಕೋಟೆ ತೆರೆದ ಬಳಿಕ ದರಗಳನ್ನು ಹೋಲಿಸಿ ನೋಡಿ ತೀರ್ಮಾನಿಸಲು ಉಳಿಯುವ ದಿನಗಳು ಸಾಲದಿರುವುದರಿಂದ, ದರಗಳಲ್ಲಿ ಯಾವುದೇ ಬದಲಾವಣೆ ಮಾಡದೆ ಈ ಅವಧಿಯನ್ನು ಆಗಸ್ಟ್ 31ರವರೆಗೆ ವಿಸ್ತರಿಸಲು ತಮ್ಮ ಒಪ್ಪಿಗೆಯಿದೆಯೇ ಎಂಬುದನ್ನು ಜುಲೈ 22ರೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ. ಒಪ್ಪುವುದು ಬಿಡುವುದು ತಮಗೆ ಸೇರಿದ್ದು. ಒಪ್ಪದಿದ್ದರೂ ತಮ್ಮ ಲಕೋಟೆಯನ್ನು ಜುಲೈ 26ರಂದು ಉಳಿದವುಗಳ ಜೊತೆಯಲ್ಲೇ ತೆರೆಯಲಾಗುವುದು. ಹೊಸ ದರಪಟ್ಟಿಗಳನ್ನಾಗಲಿ, ತಿದ್ದುಪಡಿಗಳನ್ನಾಗಲಿ ಈ ನಡುವೆ ಸ್ವೀಕರಿಸಲಾಗುವುದಿಲ್ಲ.

ತಮ್ಮ ವಿಶ್ವಾಸಿ,
ಜಂಟಿ ಕಾರ್ಯದರ್ಶಿ, ಕಟ್ಟಡ ಸಮಿತಿ


ಅದೇ ದಿನ, ಸಲಹೆಗಾರ ಎಂಜಿನಿಯರರಿಗೆ

ಮಾನ್ಯರೆ,

ನನ್ನ ತಾಯಿಯವರು ನಿನ್ನೆ ರಾತ್ರಿ ನಿಧನರಾದ ಕಾರಣ, ತಾವು ಬರಲೊಪ್ಪಿದ್ದ ಶನಿವಾರದ ಸಭೆಯನ್ನು ಜುಲೈ 26ಕ್ಕೆ ಮುಂದೂಡಬೇಕಾಗಿದೆ. ಈ ಸಭೆಗಾಗಿ ತಾವು ಬೇರೊಂದು ಕೆಲಸವನ್ನು ಬದಿಗಿಟ್ಟು, ರೈಲಿನ ಟಿಕೆಟ್ಟನ್ನೂ ಕಾಯ್ದಿರಿಸಿದ್ದೀರೆಂಬುದನ್ನು ಬಲ್ಲೆ. ಟಿಕೆಟ್ಟನ್ನು ರದ್ದು ಮಾಡುವುದರಿಂದ ಆಗುವ ನಷ್ಟವನ್ನು ಸಮಿತಿಯೇ ಭರಿಸುತ್ತದೆ. ರಸೀದಿಯನ್ನು ಖಜಾಂಚಿಯವರಿಗೆ ಕಳುಹಿಸಿದರೆ ಸಾಕು, ಬೇರೆ ಪತ್ರದ ಅಗತ್ಯವಿಲ್ಲ.

ಜುಲೈ 26 ತಮಗೆ ಒಗ್ಗದಿದ್ದರೆ, ತಮ್ಮ ವರದಿಯನ್ನು ಸಭೆಗೆ ಮೊದಲೇ ಕಳುಹಿಸಿ, ಅಂದು ವೀಡಿಯೊ ಕರೆಯ ಮೂಲಕ ಅರ್ಧ ಗಂಟೆ ನಮ್ಮೊಡನೆ ಇರಲಾದೀತೇ ಎಂದು ಕೇಳಲು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಬಿರುಕು ಬಿಟ್ಟ ಭಾಗದ ಕಾಂಕ್ರೀಟನ್ನು ಒಡೆದು ತೆಗೆದು ಹೊಸದಾಗಿ ಹಾಕಬೇಕೇ ಅಥವಾ ಸರಳುಗಳನ್ನು ಉಜ್ಜಿ ತುಕ್ಕು ತೆಗೆದು ಮೇಲ್ಪದರವನ್ನು ದುರಸ್ತಿ ಮಾಡಿದರೆ ಸಾಕೇ ಎಂಬ ಪ್ರಶ್ನೆಗೆ ತಮ್ಮ ಉತ್ತರ ಸಿಗದೆ, ದರಗಳನ್ನು ಹೋಲಿಸಿ ನೋಡುವುದರಲ್ಲಿ ಅರ್ಥವಿಲ್ಲ. ಒಂದೇ ಛಾವಣಿಗೆ ಕೊಟ್ಟ ದರಗಳಾದರೂ ಅವು ಒಂದೇ ಕೆಲಸಕ್ಕೆ ಕೊಟ್ಟವೆಂದು ಹೇಳಲಾಗದು.

ಆಸರೆಯ ಕೆಲಸ ತಾವು ಹೇಳಿದಂತೆಯೇ ಸೋಮವಾರ ನಡೆಯುತ್ತದೆ. ಅದು ಮುಗಿದೊಡನೆ ಜಂಟಿ ಕಾರ್ಯದರ್ಶಿಯವರು ಫೋಟೋಗಳನ್ನು ತಮಗೆ ಕಳುಹಿಸುತ್ತಾರೆ. ಅದರಲ್ಲಿ ಏನಾದರೂ ಸರಿಕಾಣದಿದ್ದರೆ ನೇರವಾಗಿ ಅವರಿಗೇ ಹೇಳಬಹುದು.

ಗೌರವಪೂರ್ವಕವಾಗಿ,
ಕಾರ್ಯದರ್ಶಿ, ಕಟ್ಟಡ ಸಮಿತಿ


2025ರ ಜುಲೈ 21, ಸೋಮವಾರ

ಎಲ್ಲ ಸದಸ್ಯರಿಗೆ

ಮಾನ್ಯರೆ,

ತಾಯಿಯವರ ಅಗಲಿಕೆಯ ಸಂದರ್ಭದಲ್ಲಿ ತಾವು ಬರೆದ ಸಾಂತ್ವನದ ಮಾತುಗಳೆಲ್ಲವೂ ನನ್ನನ್ನು ತಲುಪಿವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಬೇಕಾಗಿತ್ತು. ಸದ್ಯಕ್ಕೆ ಅದು ಆಗುತ್ತಿಲ್ಲವಾದುದರಿಂದ ಈ ಪತ್ರದಲ್ಲೇ ನನ್ನ ಮತ್ತು ನಮ್ಮ ಮನೆಯವರ ಕೃತಜ್ಞತೆಯನ್ನು ಸ್ವೀಕರಿಸಬೇಕೆಂದು ಕೋರುತ್ತೇನೆ. ಮನೆಗೆ ಬಾರದಿರುವಂತೆ ಮಾಡಿದ ವಿನಂತಿಯನ್ನು ತಾವೆಲ್ಲರೂ ನಡೆಸಿಕೊಟ್ಟಿರಿ. ಅದಕ್ಕೆ ಪ್ರತ್ಯೇಕವಾಗಿ ಋಣಿಯಾಗಿದ್ದೇನೆ.

ಸಭೆ ಈ ಶನಿವಾರ, ಜುಲೈ 26ರಂದು ಬೆಳಿಗ್ಗೆ 11 ಗಂಟೆಗೆ ನಿಶ್ಚಯವಾಗಿ ನಡೆಯುತ್ತದೆ. ಕೋರಂಗೆ ಬೇಕಾದಷ್ಟು ಸದಸ್ಯರು ಬರುವುದಾಗಿ ತಿಳಿಸಿದ್ದಾರೆ. ಎಂಜಿನಿಯರರು ತಾವೇ ಬರುವುದಾಗಿ ಬರೆದಿದ್ದಾರೆ, ಅವರ ವರದಿಯ ಪ್ರತಿ ಇದರೊಂದಿಗಿದೆ. ಲಕೋಟೆಗಳನ್ನು ತೆರೆಯುವ ಮೊದಲು ಆ ವರದಿಯನ್ನು ಚರ್ಚಿಸುವುದು ಒಳಿತೆಂದು ಅಧ್ಯಕ್ಷರು ಸೂಚಿಸಿರುವುದರಿಂದ, ಕಾರ್ಯಸೂಚಿಯ ಮೊದಲ ಎರಡು ವಿಷಯಗಳ ಕ್ರಮವನ್ನು ಅದಲುಬದಲು ಮಾಡಲಾಗಿದೆ. ಆದ್ದರಿಂದ ವರದಿಯನ್ನು, ವಿಶೇಷವಾಗಿ ಅದರ ಕೊನೆಯಲ್ಲಿರುವ ನಕ್ಷೆಯನ್ನು, ಓದಿಕೊಂಡು ಬರಬೇಕೆಂದು ಕೋರುತ್ತೇನೆ.

ಓದುವ ಕೊಠಡಿಯಲ್ಲಿ ಆಸರೆಗಳು ನಿಂತಿರುವುದರಿಂದ ಮುಂಬಾಗಿಲನ್ನು ಮುಚ್ಚಲಾಗಿದೆ. ಅಂದು ಎಲ್ಲರೂ ಕಚೇರಿಯ ಪಕ್ಕದ ಬಾಗಿಲಿನಿಂದ ಒಳಗೆ ಬರಬೇಕು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಕಟ್ಟಡ ಸಮಿತಿ